ಫೋಟೊ ಮಸುಕಾದರೆ ಮೊದಲು ಕವರ್ ತೆಗೆದು ನೋಡಿ

ಪಾಸ್‌ಬುಕ್ಕಿನ ಫೋಟೊ ತೆಗೆಯಲು ಹೋದರೆ ಅಕ್ಷರಗಳು ಒಮ್ಮೆ ಸ್ಪಷ್ಟವಾಗುತ್ತವೆ, ಮರುಕ್ಷಣವೇ ಮಸುಕಾಗುತ್ತವೆ. ಕ್ಯಾಮೆರಾ ಫೋಕಸ್‌ಗಾಗಿ ತಡಕಾಡುತ್ತಲೇ ಇರುತ್ತದೆ. ಅಂಗಡಿಗೆ ಒಯ್ದರೆ ‘ಕ್ಯಾಮೆರಾ ಹೋಗಿದೆ, ಹೊಸದು ಹಾಕಬೇಕು’ ಎನ್ನಬಹುದು. ಅದಕ್ಕೆ ಒಪ್ಪುವ ಮೊದಲು ಮನೆಯಲ್ಲೇ ಪರೀಕ್ಷಿಸಬಹುದಾದ ಎರಡು ಕಾರಣಗಳಿವೆ.

ಒಂದು, ಲೆನ್ಸಿನ ಗಾಜಿನ ಮೇಲಿನ ಬೆರಳಿನ ಜಿಡ್ಡು. ಜಿಡ್ಡಿದ್ದರೆ ಹತ್ತಿರದ್ದು, ದೂರದ್ದು ಎಲ್ಲವೂ ಒಂದೇ ಸಮ ಮಂಜಾಗಿ ಕಾಣುತ್ತದೆ. ರಾತ್ರಿ ಬೀದಿದೀಪಗಳಿಂದ ಉದ್ದನೆಯ ಗೆರೆಗಳು ಹೊರಡುತ್ತವೆ. ಕನ್ನಡಕ ಒರೆಸುವ ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು.

ಎರಡನೆಯದು ಕವರ್. ಇದನ್ನು ಅರಿಯಲು ಕ್ಯಾಮೆರಾದ ಒಳಗೇನಿದೆ ಎಂದು ತಿಳಿದಿರಬೇಕು. ಲೆನ್ಸಿನ ಸುತ್ತ ತೆಳುವಾದ ತಂತಿಯ ಸುರುಳಿ, ಅದರ ಪಕ್ಕದಲ್ಲಿ ಪುಟ್ಟ ಅಯಸ್ಕಾಂತಗಳು ಇರುತ್ತವೆ. ಸುರುಳಿಯಲ್ಲಿ ವಿದ್ಯುತ್ ಹರಿದಾಗ ಲೆನ್ಸ್ ಕೂದಲೆಳೆಯಷ್ಟು ಮುಂದಕ್ಕೋ ಹಿಂದಕ್ಕೋ ಸರಿಯುತ್ತದೆ. ಇದೇ ಫೋಕಸ್ ಮೋಟರ್. ಅನೇಕ ಫೋನ್‌ಗಳಲ್ಲಿ ಲೆನ್ಸ್ ಎಲ್ಲಿದೆ ಎಂಬುದನ್ನು ಅಳೆಯುವ ಸೆನ್ಸರ್ ಕೂಡ ಅಯಸ್ಕಾಂತದ ಸೆಳೆತವನ್ನೇ ಓದುತ್ತದೆ. ಹೊರಗಿನ ಇನ್ನೊಂದು ಅಯಸ್ಕಾಂತ ಹತ್ತಿರ ಬಂದರೆ ಅದರ ಲೆಕ್ಕ ತಪ್ಪುತ್ತದೆ.

ಪುಸ್ತಕದಂತೆ ಮಡಚುವ ಫ್ಲಿಪ್ ಕವರನ್ನೇ ನೋಡಿ. ಅದನ್ನು ಮುಚ್ಚಿಡುವ ಪಟ್ಟಿಯಲ್ಲಿ ಅಯಸ್ಕಾಂತವಿರುತ್ತದೆ. ಫೋಟೊ ತೆಗೆಯಲು ಮುಚ್ಚಳವನ್ನು ಹಿಂದಕ್ಕೆ ಮಡಚಿದಾಗ ಆ ಪಟ್ಟಿ ಕ್ಯಾಮೆರಾದ ಸಮೀಪಕ್ಕೇ ಬರಬಹುದು. ಕಾರಿನ ಹೋಲ್ಡರ್‌ಗೆಂದು ಫೋನಿನ ಬೆನ್ನಿಗೆ ಅಂಟಿಸಿದ ಲೋಹದ ತಟ್ಟೆ, ಅಯಸ್ಕಾಂತದ ಉಂಗುರಗಳೂ ಇದೇ ಕಾಟ ಕೊಡಬಹುದು. ಎಲ್ಲವನ್ನೂ ಕಳಚಿ, ಒಂದು ಅಡಿ ದೂರದಲ್ಲಿ ದಿನಪತ್ರಿಕೆ ಹಿಡಿದು ಪರದೆಯಲ್ಲಿ ಅಕ್ಷರದ ಮೇಲೆ ಬೆರಳಿಡಿ. ಆಮೇಲೆ ಕಿಟಕಿಯಾಚೆಯ ಮರದ ಮೇಲಿಡಿ. ಎರಡೂ ಸ್ಪಷ್ಟವಾದರೆ ತೊಂದರೆ ಕವರಿನದು. ಅಂಗೈ ಅಗಲಕ್ಕಿಂತ ಹತ್ತಿರ ಹಿಡಿದು ಪರೀಕ್ಷಿಸಬೇಡಿ; ಅಷ್ಟು ಸಮೀಪದಲ್ಲಿ ಅನೇಕ ಫೋನ್‌ಗಳ ಮುಖ್ಯ ಕ್ಯಾಮೆರಾಕ್ಕೆ ಫೋಕಸ್ ಮಾಡಲು ಆಗುವುದೇ ಇಲ್ಲ.

ಒರೆಸಿ, ಕವರ್ ತೆಗೆದು, ಫೋನ್ ರೀಸ್ಟಾರ್ಟ್ ಮಾಡಿದ ಮೇಲೂ ಮರ ಸ್ಪಷ್ಟ, ಪತ್ರಿಕೆ ಮಸುಕು ಎಂದಾದರೆ ಮೋಟರ್ ಸಿಕ್ಕಿಕೊಂಡಿರಬೇಕು. ಪ್ರೊ ಮೋಡ್ ಇರುವ ಫೋನಿನಲ್ಲಿ ಇದನ್ನು ಖಚಿತಪಡಿಸಿಕೊಳ್ಳಬಹುದು: ಫೋಕಸ್ಸನ್ನು ಮ್ಯಾನ್ಯುಯಲ್‌ಗೆ ಹಾಕಿ ಪಟ್ಟಿಯನ್ನು ಈ ತುದಿಯಿಂದ ಆ ತುದಿಗೆ ಎಳೆಯಿರಿ. ಚಿತ್ರದಲ್ಲಿ ಏನೂ ಬದಲಾಗದಿದ್ದರೆ ಲೆನ್ಸ್ ಅಲುಗುತ್ತಿಲ್ಲ. ಕ್ಯಾಮೆರಾ ತೆರೆದಾಗ ಒಳಗಿನಿಂದ ಗುಂಯ್‌ಗುಡುವ ಸದ್ದು ಬಂದು ಚಿತ್ರ ನಡುಗುವುದೂ ಕೆಟ್ಟ ಲಕ್ಷಣವೇ. ಮೆಲ್ಲಗೆ ತಟ್ಟಿದಾಗ ಕೆಲವೊಮ್ಮೆ ಸರಿಹೋಗುತ್ತದೆ, ಆದರೆ ಬಹುಕಾಲ ಬಾಳುವುದಿಲ್ಲ. ಮೋಟರನ್ನಷ್ಟೇ ರಿಪೇರಿ ಮಾಡುವವರು ವಿರಳ, ಸಾಮಾನ್ಯವಾಗಿ ಇಡೀ ಕ್ಯಾಮೆರಾ ಭಾಗವನ್ನೇ ಬದಲಾಯಿಸುತ್ತಾರೆ.

ಬೈಕಿನ ಹ್ಯಾಂಡಲ್‌ಗೆ ಫೋನ್ ಸಿಕ್ಕಿಸಿ ಓಡಿಸುವವರು ವಿಶೇಷ ಎಚ್ಚರ ವಹಿಸಬೇಕು. ಎಂಜಿನ್ನಿನ ಸತತ ಕಂಪನ ಕ್ಯಾಮೆರಾದ ಫೋಕಸ್ ವ್ಯವಸ್ಥೆಯನ್ನು ಕೆಡಿಸಬಹುದೆಂದು ಆಪಲ್ ಕಂಪನಿ 2021ರಲ್ಲೇ ತನ್ನ ಐಫೋನ್ ಬಳಕೆದಾರರಿಗೆ ತಿಳಿಸಿತ್ತು. ದಾರಿ ನೋಡಲೇಬೇಕಿದ್ದರೆ ಕಂಪನ ತಗ್ಗಿಸುವ ಹೋಲ್ಡರ್ ಹಾಕಿಸಿಕೊಳ್ಳಿ.