ಸೂರ್ಯನ ಪಾಲು ಸೂರ್ಯನಿಗೆ, ಕೂದಲಿನ ಪಾಲು ಕೂದಲಿಗೆ

ಮದುವೆಗೆ ಮೂರು ವಾರ ಮುಂಚೆ ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ದಂಡೆಯಲ್ಲಿ ತೆಗೆದ ಫೋಟೋ ಅದು. ಇಳಿಸಂಜೆಯ ಸೂರ್ಯ ಹುಡುಗಿಯ ಬೆನ್ನ ಹಿಂದಿದ್ದ. ತಲೆಯ ಸುತ್ತ ಚಿನ್ನದ ಗೆರೆ ಎಳೆದಂತೆ ಬೆಳಕು, ಗಾಳಿಗೆ ಎದ್ದ ಬಿಡಿ ಎಳೆಗಳಲ್ಲೆಲ್ಲ ಅದರ ಹೊಳಪು. ಫೋಟೋ ತೆಗೆದಾಗ ಕೂದಲು ಅಚ್ಚಕಪ್ಪು. ಮುಹೂರ್ತದ ಹೊತ್ತಿಗೆ ಅವಳು ಅದಕ್ಕೆ ದ್ರಾಕ್ಷಾರಸದ ಕೆಂಪು ಹಾಕಿಸಿಕೊಂಡಿದ್ದಳು. ಆಲ್ಬಂನ ಮೊದಲ ಪುಟಕ್ಕೆ ಬೇಕಾಗಿದ್ದದ್ದು ಮಾತ್ರ ಇದೇ ಚಿತ್ರ. "ಅಣ್ಣ, ಕೂದಲೊಂದು ಈಗಿನ ಹಾಗೆ ಮಾಡಿಕೊಡಿ" ಎಂದು ಕೇಳಿದಳು.

ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಫೋಟೋಶಾಪ್‌ನಲ್ಲಿ ಕೂದಲನ್ನು ಆಯ್ದುಕೊಂಡೆ, ಮೇಲೊಂದು ಕೆಂಪು ಲೇಯರ್ ಇಟ್ಟೆ, ಅದನ್ನು Color ಮೋಡ್‌ಗೆ ಹಾಕಿದೆ. ತಲೆಯ ನಡುಭಾಗ ಹೆಚ್ಚುಕಡಿಮೆ ಕಪ್ಪಾಗಿಯೇ ಉಳಿಯಿತು. ಚಿನ್ನದ ಗೆರೆ ಗುಲಾಬಿ ರಿಬ್ಬನ್ ಆಯಿತು. ಬಿಡಿ ಎಳೆಗಳ ಸುತ್ತಲಿನ ಆಕಾಶಕ್ಕೂ ಕೆಂಪು ಹತ್ತಿತು. ತಪ್ಪು ಮೂರು ಕಡೆ ಮೂರು ಬಗೆಯದಾಗಿತ್ತು. ಕಾರಣವೂ ಮೂರು ಬಗೆಯದೇ.

ಕೂದಲಿನ ಎಳೆಯೆಂದರೆ ಬಣ್ಣ ತುಂಬಿದ ಸಣ್ಣ ಗಾಜಿನ ಕಡ್ಡಿಯ ಹಾಗೆ. ಸ್ಟೀಫನ್ ಮಾರ್ಶ್ನರ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನ ಅದರ ಮೇಲೆ ಬಿದ್ದ ಬೆಳಕು ಹಿಡಿಯುವ ಮೂರು ಮುಖ್ಯ ದಾರಿಗಳನ್ನು ವಿವರಿಸಿತು. ಸ್ವಲ್ಪ ಬೆಳಕು ಹೊರಮೈಗೆ ತಾಗಿ ಹಾಗೆಯೇ ಪುಟಿಯುತ್ತದೆ. ಅದು ಒಳಗಿನ ಬಣ್ಣವನ್ನು ಮುಟ್ಟದ ಕಾರಣ ಸೂರ್ಯನ ಬಣ್ಣದಲ್ಲೇ ಇರುತ್ತದೆ. ಸ್ವಲ್ಪ ಎಳೆಯನ್ನು ತೂರಿ ಆಚೆ ಬರುತ್ತದೆ. ಇನ್ನು ಸ್ವಲ್ಪ ಒಳಗೆ ಹೋಗಿ, ಹಿಂದಿನ ಗೋಡೆಗೆ ತಾಗಿ, ಮರಳುತ್ತದೆ. ಒಳಹೊಕ್ಕ ಈ ಎರಡೂ ಕೂದಲಿನ ಬಣ್ಣ ಹೊತ್ತು ಬರುತ್ತವೆ. ಬೆಳಕು ಬೆನ್ನ ಹಿಂದಿರುವಾಗ ನಮ್ಮ ಕಣ್ಣಿಗೆ ಮುಖ್ಯವಾಗಿ ಸಿಗುವುದು ಮೊದಲ ಎರಡು. ಹಾಗಾಗಿ ಆ ಚಿನ್ನದ ಗೆರೆಯಲ್ಲಿ ಎರಡು ಪದರಗಳಿವೆ: ತೀರ ಹೊರಗಡೆ ಸೂರ್ಯನದೇ ಬಿಳಿ ಹೊಳಪು, ಅದರ ಒಳಮಗ್ಗುಲಲ್ಲಿ ಕೂದಲಿನಿಂದ ಸೋಸಿ ಬಂದ ಬೆಚ್ಚನೆಯ ಕಂದು. ಬಣ್ಣ ಹಾಕಿಸಿಕೊಂಡರೆ ಎರಡನೆಯದು ಬದಲಾಗುತ್ತದೆ, ಮೊದಲನೆಯದು ಬದಲಾಗುವುದಿಲ್ಲ.

ಹಾಗಾಗಿ ಕೆಲಸವನ್ನು ಮೂರಾಗಿ ಒಡೆದುಕೊಂಡು ಮತ್ತೆ ಶುರು ಮಾಡಿದೆ. ಮೊದಲನೆಯದು ತಲೆಯ ನಡುಭಾಗ. Color ಮೋಡ್ ಕೆಳಗಿನ ಚಿತ್ರದ ಹೊಳಪನ್ನು ಹಾಗೆಯೇ ಇಟ್ಟು ಬಣ್ಣವನ್ನಷ್ಟೇ ಬದಲಿಸುತ್ತದೆ. ಕಪ್ಪಿನಲ್ಲಿ ಬಣ್ಣ ಕಾಣುವಷ್ಟು ಹೊಳಪೇ ಇರುವುದಿಲ್ಲವಾದ್ದರಿಂದ ಎಷ್ಟು ಕೆಂಪು ಸುರಿದರೂ ಗೊತ್ತಾಗದು. ಈ ಚಿತ್ರದಲ್ಲಿ ಕೂದಲಿನ ಹೊಳಪು 255ಕ್ಕೆ 30ರ ಆಸುಪಾಸಿನಲ್ಲಿತ್ತು. ಮೊದಲು ಒಂದು Curves ಲೇಯರ್‌ನಿಂದ ಅದನ್ನು 46ರ ಹತ್ತಿರಕ್ಕೆ ಎತ್ತಿದೆ. ಆಮೇಲೆ 90, 25, 40ರ ಕೆಂಪನ್ನು Color ಮೋಡ್‌ನಲ್ಲಿ ಇಟ್ಟಾಗ ಬಣ್ಣ ನಿಂತಿತು. ಎರಡೂ ಲೇಯರ್‌ಗಳ ಮಾಸ್ಕ್ ಅನ್ನು ಮೆತ್ತನೆಯ ಬ್ರಷ್‌ನಿಂದ, ಅಂಚು ಮುಟ್ಟುವ ಮೊದಲೇ ನಿಲ್ಲಿಸಿದೆ. ಹೀಗೆ ಕತ್ತಲನ್ನು ಎತ್ತುವುದಕ್ಕೆ ಕ್ಯಾಮೆರಾದ ರಾ ಫೈಲ್ ಬೇಕು. ಜೆಪೆಗ್‌ನಲ್ಲಿ ಎತ್ತಿದರೆ ಕಪ್ಪಿನೊಳಗೆ ಚೌಕ ಚೌಕದ ಕಲೆಗಳು ಏಳುತ್ತವೆ.

ಎರಡನೆಯದು ಹೊಳೆಯುವ ಗೆರೆ. ತೂರಿ ಬರುವ ಬೆಳಕನ್ನು ಕೂದಲು ಬಣ್ಣದ ಗಾಜಿನಂತೆ ಸೋಸುತ್ತದೆ. ಆ ಸೋಸುವಿಕೆಗೆ ಹೊಂದುವುದು Multiply ಮೋಡ್, ಏಕೆಂದರೆ ಅದು ಬೆಳಕನ್ನು ಕಡಿಮೆ ಮಾಡುತ್ತದೆಯೇ ಹೊರತು ಸೇರಿಸುವುದಿಲ್ಲ. ಗೆರೆಯ ಒಳಮಗ್ಗುಲಿನ ಒಂದು ಚುಕ್ಕೆ 214, 160, 96 ಇತ್ತು. 255, 190, 185ರ ನಸುಗೆಂಪನ್ನು Multiply ಮಾಡಿದಾಗ ಅದು 214, 119, 70 ಆಯಿತು. ಅಂದರೆ ಕಂದು ಹೋಗಿ ತಾಮ್ರದ ಕೆಂಪು ಬಂತು. ಆದರೆ ಹೀಗೆಯೇ ಬಿಟ್ಟರೆ ಹೊರಗಿನ ಬಿಳಿ ಹೊಳಪೂ ಗುಲಾಬಿಯಾಗುತ್ತದೆ. ಅದನ್ನು ಉಳಿಸಿಕೊಳ್ಳಲು ಲೇಯರ್ ಮೇಲೆ ಎರಡು ಸಲ ಒತ್ತಿ Blend If ತೆರೆದೆ. ಅಲ್ಲಿ Underlying Layer ಎಂಬ ಪಟ್ಟಿಯ ಬಿಳಿ ತ್ರಿಕೋನವನ್ನು Alt ಒತ್ತಿ ಎಳೆದರೆ ಅದು ಎರಡಾಗಿ ಸೀಳುತ್ತದೆ. ಒಂದು ಚೂರನ್ನು 225ಕ್ಕೂ ಇನ್ನೊಂದನ್ನು 245ಕ್ಕೂ ಇಟ್ಟೆ. 225ರವರೆಗೆ ಕೆಂಪು ಪೂರ್ತಿ ಇರುತ್ತದೆ, ಅಲ್ಲಿಂದ ಕರಗುತ್ತಾ 245ಕ್ಕೆ ಇಲ್ಲವಾಗುತ್ತದೆ. ರಿಬ್ಬನ್ ಮಾಯವಾಗಿ ಬಿಳಿಯಿಂದ ಕೆಂಪಿಗೆ ಇಳಿಯುವ ಅಂಚು ಮರಳಿತು.

ಮೂರನೆಯದು ಬಿಡಿ ಎಳೆಗಳು, ಕೈ ಸೋಲುವ ಜಾಗ. ಎಳೆ ಒಂದು ಪಿಕ್ಸೆಲ್‌ಗಿಂತ ತೆಳ್ಳಗಿದ್ದಾಗ ಆ ಪಿಕ್ಸೆಲ್‌ನಲ್ಲಿ ಕೂದಲೂ ಇರುತ್ತದೆ, ಆಕಾಶವೂ ಇರುತ್ತದೆ. ನನ್ನ ಚಿತ್ರದಲ್ಲಿ ಆಕಾಶ 240, 200, 140. ಕೂದಲು 40, 28, 20. ಕಿವಿಯ ಮೇಲಿನ ಒಂದು ಎಳೆ 160, 131, 92 ತೋರಿಸುತ್ತಿತ್ತು. ಲೆಕ್ಕ ಹಾಕಿದರೆ ಅದರಲ್ಲಿ ಕೂದಲಿನ ಪಾಲು 40 ಶೇಕಡ, ಮಿಕ್ಕ 60 ಆಕಾಶದ್ದು. ಇಡೀ ಪಿಕ್ಸೆಲ್‌ಗೆ ಕೆಂಪು ಹಚ್ಚಿದರೆ ಆಕಾಶದ 60 ಪಾಲಿಗೂ ಹಚ್ಚಿದಂತೆ. ಎಳೆಗಳ ಸುತ್ತ ಕೆಂಪು ಹೊಗೆ ಕಂಡದ್ದು ಅದಕ್ಕೇ.

ಈ ಪಾಲನ್ನು ಚಿತ್ರವೇ ಹೇಳುತ್ತದೆ. ಕಿತ್ತಳೆ ಆಕಾಶಕ್ಕೂ ಕಪ್ಪು ಕೂದಲಿಗೂ ಅತಿ ಹೆಚ್ಚು ಅಂತರವಿರುವುದು ಕೆಂಪಿನಲ್ಲಿ, 240ಕ್ಕೆ 40. ಆದ್ದರಿಂದ Channels ಫಲಕದಲ್ಲಿ Red ಚಾನೆಲ್‌ನ ನಕಲು ತೆಗೆದು, ತಿರುವುಮುರುವು ಮಾಡಿದೆ. ಆಕಾಶ 15 ಆಯಿತು, ಕೂದಲು 215. Levels‌ನಲ್ಲಿ 15ನ್ನು ಪೂರ್ತಿ ಕಪ್ಪು, 215ನ್ನು ಪೂರ್ತಿ ಬಿಳಿ ಮಾಡಿದಾಗ ಸಿಕ್ಕಿದ್ದೇ ಮಾಸ್ಕ್. ಕಿವಿಯ ಮೇಲಿನ ಎಳೆ ಅದರಲ್ಲಿ ಸರಿಯಾಗಿ 40 ಶೇಕಡದ ಬೂದು ಬಣ್ಣದಲ್ಲಿತ್ತು.

ಹೊಸ ಬಣ್ಣಕ್ಕೂ ಹಳೆಯದಕ್ಕೂ ಇರುವ ವ್ಯತ್ಯಾಸ ಕೆಂಪಿನಲ್ಲಿ 50, ನೀಲಿಯಲ್ಲಿ 20. ಹಸಿರಿನದು ಗಣನೆಗೆ ಬಾರದಷ್ಟು. ಹಾಗಾಗಿ 50, 0, 20ರ ಲೇಯರ್ ಅನ್ನು ಆ ಮಾಸ್ಕ್‌ನೊಂದಿಗೆ Linear Dodge ಮೋಡ್‌ನಲ್ಲಿ ಇಟ್ಟೆ, ಅದು ಇದ್ದದ್ದಕ್ಕೆ ಕೂಡಿಸುವ ಮೋಡ್. ನಡುಭಾಗಕ್ಕೆ ಆಗಲೇ ಬಣ್ಣ ಬಂದಿದ್ದರಿಂದ ಅಲ್ಲಿ ಈ ಮಾಸ್ಕ್ ಅನ್ನು ಕಪ್ಪು ಬ್ರಷ್‌ನಿಂದ ಮುಚ್ಚಿದೆ. ಎಳೆ 160, 131, 92ರಿಂದ 180, 131, 100ಕ್ಕೆ ಹೋಯಿತು. ಬದಲಾವಣೆ ಇಷ್ಟು ಸಣ್ಣದಾದರೂ ಎಳೆ ಕೆಂಪೆಂದು ಕಣ್ಣು ಒಪ್ಪಿತು, ಆಕಾಶ ಆಕಾಶವಾಗಿಯೇ ಉಳಿಯಿತು.

ಈ ದಾರಿಗೆ ಮಿತಿಯಿದೆ. ಹಿನ್ನೆಲೆ ಒಂದೇ ಸಮನಾಗಿದ್ದ ಕಡೆ ಮಾತ್ರ ಚಾನೆಲ್‌ನ ಲೆಕ್ಕ ನಿಲ್ಲುತ್ತದೆ. ಎಡಗಡೆ ಒಂದಿಷ್ಟು ಎಳೆಗಳ ಹಿಂದೆ ಮರದ ಕತ್ತಲಿತ್ತು. ಅಲ್ಲಿ ಎಳೆಯೇ ಹಿನ್ನೆಲೆಗಿಂತ ಬೆಳ್ಳಗೆ ಕಾಣುತ್ತದೆ, ಮಾಸ್ಕ್ ತಲೆಕೆಳಗಾಗುತ್ತದೆ. ಆ ಭಾಗಕ್ಕೆ ಚಾನೆಲ್ ಅನ್ನು ತಿರುಗಿಸದೆ ಬೇರೆ ಮಾಸ್ಕ್ ಮಾಡಿ, ಎರಡನೆಯ ಹಂತದ ಹಾಗೆ Multiply ಬಳಸಬೇಕಾಯಿತು. ಇನ್ನು ಮೂರೂ ಬಣ್ಣಗಳು 255 ಮುಟ್ಟಿದ ಜಾಗದಲ್ಲಿ ಕೂದಲಿನ ಸುದ್ದಿಯೇ ಇರುವುದಿಲ್ಲ. ಅದನ್ನು ಬಿಳಿಯಾಗಿಯೇ ಬಿಡುವುದು ಸರಿ.

ಕೊನೆಗೆ ಎಲ್ಲದರ ಮೇಲೆ ಒಂದು Black & White ಲೇಯರ್ ಹಾಕಿ, ಕೆಳಗಿನ ಬಣ್ಣದ ಲೇಯರ್‌ಗಳನ್ನು ತೆಗೆದು ಹಾಕಿ ನೋಡಿದೆ. ಬಣ್ಣವಿಲ್ಲದ ಚಿತ್ರದಲ್ಲಿ ಅಂಚು ಜಿಗಿದರೆ ಎಲ್ಲೋ ಬೆಳಕನ್ನೇ ಕೆಡಿಸಿದ್ದೇವೆ ಎಂದರ್ಥ. ನಡುಭಾಗ ತುಸು ತಿಳಿಯಾದದ್ದು ಬಿಟ್ಟರೆ ಅಂಚು ಅಲುಗಲಿಲ್ಲ. ಚಿತ್ರ ನೋಡಿದ ಹುಡುಗಿ ಕೂದಲಿನ ಬಗ್ಗೆ ಏನೂ ಹೇಳಲಿಲ್ಲ. "ಅವತ್ತು ಬಿಸಿಲು ಎಷ್ಟು ಚೆನ್ನಾಗಿತ್ತು ಅಲ್ವಾ ಅಣ್ಣ" ಎಂದಳು.