ಸಂಜೆಯ ಆಕಾಶದಲ್ಲಿ ಪಟ್ಟೆಗಳೇಕೆ?

ಸೂರ್ಯ ಮುಳುಗಿದ ನಂತರದ ಆಕಾಶ ಎಡಿಟಿಂಗ್ ಪರದೆಯಲ್ಲಿ ನುಣುಪಾಗಿಯೇ ಕಾಣುತ್ತದೆ. ಅದೇ ವಿಡಿಯೊ ಯೂಟ್ಯೂಬ್‌ಗೆ ಏರಿದ ಮೇಲೆ ಎರಡು ಬಗೆಯಲ್ಲಿ ಕೆಡುತ್ತದೆ. ಭೂಪಟದ ಎತ್ತರದ ಗೆರೆಗಳಂತೆ ಬಾಗಿದ ಉದ್ದನೆಯ ಪಟ್ಟೆಗಳು ಮೂಡಿದರೆ ಅದು ಬ್ಯಾಂಡಿಂಗ್. ಕತ್ತಲ ಭಾಗ ಚೌಕ ಚೌಕವಾಗಿ ಒಡೆದು ಆ ಚೌಕಗಳು ಮಿಸುಕತೊಡಗಿದರೆ ಅದು ಬ್ಲಾಕಿಂಗ್. ಎರಡೂ ಸಾಮಾನ್ಯವಾಗಿ ಜೊತೆಯಲ್ಲೇ ಬರುತ್ತವೆ, ಆದರೆ ಹುಟ್ಟು ಬೇರೆ.

ಬ್ಯಾಂಡಿಂಗ್‌ಗೆ ಕಾರಣ ಹಂತಗಳ ಕೊರತೆ. 8 ಬಿಟ್ ವಿಡಿಯೊದಲ್ಲಿ ಹೊಳಪಿಗೆ 256 ಹಂತಗಳಿದ್ದರೂ ರೂಢಿಯಂತೆ ಕಪ್ಪು 16ಕ್ಕೆ, ಬಿಳಿ 235ಕ್ಕೆ ನಿಲ್ಲುತ್ತದೆ. 4ಕೆ ಚಿತ್ರವೊಂದರ ಮೇಲಿನ 1440 ಸಾಲುಗಳಲ್ಲಿ ಆಕಾಶವಿದೆ, ದಿಗಂತದ ಬಳಿ ಹೊಳಪು 70, ಮೇಲಂಚಿನಲ್ಲಿ 34 ಎಂದು ಇಟ್ಟುಕೊಂಡರೆ ನಡುವೆ ಇರುವುದು 36 ಹಂತ ಮಾತ್ರ. ಅಂದರೆ ಪ್ರತಿ ಹಂತವೂ 40 ಸಾಲು ಅಗಲದ ಪಟ್ಟೆ. ಪಕ್ಕಪಕ್ಕದ ಪಟ್ಟೆಗಳ ನಡುವಿನ ಅಂಚನ್ನು ಕಣ್ಣು ಇದ್ದದ್ದಕ್ಕಿಂತ ಹೆಚ್ಚು ಎತ್ತಿ ತೋರಿಸುತ್ತದೆ. ಅರ್ನ್ಸ್ಟ್ ಮಾಖ್ 1865ರಲ್ಲೇ ಇದನ್ನು ವಿವರಿಸಿದ್ದ. 10 ಬಿಟ್‌ನಲ್ಲಿ ಇದೇ ಆಕಾಶಕ್ಕೆ 144 ಹಂತ ಸಿಗುತ್ತದೆ. ಆದರೆ ಎಚ್‌ಡಿಆರ್ ಅಲ್ಲದ ವಿಡಿಯೊ ನೋಡುಗರಿಗೆ ತಲುಪುವುದು 8 ಬಿಟ್‌ನಲ್ಲೇ. ಹಾಗಾಗಿ 10 ಬಿಟ್ ಕಡತ ಏರಿಸಿದ ಮಾತ್ರಕ್ಕೆ ಪಟ್ಟೆ ಮಾಯವಾಗದು.

ಚೌಕಗಳು ಬರುವುದು ಸಂಕೋಚನದಿಂದ. ಎನ್‌ಕೋಡರ್ ಚಿತ್ರವನ್ನು ಚೌಕಗಳಾಗಿ ಕತ್ತರಿಸಿ, ಪ್ರತಿಯೊಂದರ ಸರಾಸರಿ ಹೊಳಪನ್ನು ಉಳಿಸಿಕೊಂಡು, ಒಳಗಿನ ಸಣ್ಣ ಏರಿಳಿತಗಳನ್ನು ಸೊನ್ನೆಗೆ ಇಳಿಸುತ್ತದೆ. ಮಬ್ಬು ಆಕಾಶದಲ್ಲಿ ಇರುವುದೇ ಸಣ್ಣ ಏರಿಳಿತ. ಅದು ಹೋದರೆ ಚೌಕವಿಡೀ ಒಂದೇ ಬಣ್ಣ. ಒಂದೆರಡು ಹಂತದ ತಪ್ಪು ಎನ್‌ಕೋಡರ್‌ನ ಲೆಕ್ಕದಲ್ಲಿ ನಗಣ್ಯ. ಕತ್ತಲ ಕೋಣೆಯಲ್ಲಿ ಮೊಬೈಲ್ ಹಿಡಿದವರ ಕಣ್ಣಿಗೆ ಅದೇ ರಾಚುತ್ತದೆ.

ಯೂಟ್ಯೂಬ್‌ನ ಎನ್‌ಕೋಡರ್ ಯಾರ ಮಾತನ್ನೂ ಕೇಳುವುದಿಲ್ಲ. ಕೈಯಲ್ಲಿರುವುದು ಅದಕ್ಕೆ ಕೊಡುವ ಚಿತ್ರ ಮಾತ್ರ. ಅಲ್ಲಿ ಹೆಚ್ಚು ಕೆಲಸಕ್ಕೆ ಬರುವ ಉಪಾಯ ಗ್ರೇನ್, ಅಂದರೆ ಬೇಕೆಂದೇ ಬೆರೆಸುವ ಸಣ್ಣ ತರಿ. ಹೊಳಪು 34.3 ಇರಬೇಕಾದ ಕಡೆ ಪಿಕ್ಸೆಲ್‌ಗಳಲ್ಲಿ ನೂರಕ್ಕೆ ಸುಮಾರು 30 ಮಾತ್ರ 35 ಆಗಿ, ಉಳಿದವು 34 ಆಗಿ, ಕ್ರಮವಿಲ್ಲದೆ ಹರಡಿದರೆ ಕಣ್ಣು ಅವುಗಳ ಸರಾಸರಿಯನ್ನೇ ಕಾಣುತ್ತದೆ, ಅಂಚು ಕರಗುತ್ತದೆ. ಬಣ್ಣದ ಕೆಲಸವೆಲ್ಲ ಮುಗಿದ ಮೇಲೆ, ಚಿತ್ರ 8 ಬಿಟ್‌ಗೆ ಇಳಿಯುವ ಮೊದಲು ಇದನ್ನು ಬೆರೆಸಬೇಕು. ಕ್ಯಾಮೆರಾದ ಕಡತದಲ್ಲೇ ಪಟ್ಟೆಗಳಿದ್ದರೆ ಮೊದಲು ಡಿಬ್ಯಾಂಡ್ ಫಿಲ್ಟರ್‌ನಿಂದ ಅವನ್ನು ಸವರಿ, ಆಮೇಲೆ ಗ್ರೇನ್. ರಾತ್ರಿಯ ದೃಶ್ಯಗಳಿಗೆ ನಾಯ್ಸ್ ರಿಡಕ್ಷನ್ ಹಾಕಿ ಆಕಾಶವನ್ನು ಗಾಜಿನಂತೆ ತೊಳೆಯುವ ಅಭ್ಯಾಸವಂತೂ ಪಟ್ಟೆಗೆ ನೇರ ಆಹ್ವಾನ.

ತೊಡಕು ಇಷ್ಟೇ: ಒಂದೇ ಪಿಕ್ಸೆಲ್ ಗಾತ್ರದ ತರಿಯನ್ನು ಮರುಸಂಕೋಚನ ಮೊದಲ ತುತ್ತಿಗೇ ನುಂಗುತ್ತದೆ. ಎರಡು ಮೂರು ಪಿಕ್ಸೆಲ್ ಗಾತ್ರದ್ದು ಬದುಕುವ ಸಂಭವ ಹೆಚ್ಚು. ಅತಿಯಾದರೆ ಅದು ಬಿಟ್‌ರೇಟನ್ನೆಲ್ಲ ತಿಂದು ಮುಖಗಳನ್ನು ಕಲಸಿಬಿಡುತ್ತದೆ. ಆದ್ದರಿಂದ ಮಾಸ್ಕ್ ಹಾಕಿ ಆಕಾಶಕ್ಕೂ ನೆರಳಿಗೂ ಸೀಮಿತಗೊಳಿಸುವುದು ಲೇಸು.

1080ಪಿ ವಿಡಿಯೊವನ್ನು 4ಕೆಗೆ ಹಿಗ್ಗಿಸಿ ಏರಿಸುವ ರೂಢಿಗೂ ಅರ್ಥವಿದೆ. 1440ಪಿ ಮತ್ತು ಅದಕ್ಕಿಂತ ಮೇಲಿನ ಆವೃತ್ತಿಗಳಿಗೆ ಯೂಟ್ಯೂಬ್ ಹೆಚ್ಚು ಬಿಟ್‌ರೇಟ್ ಕೊಡುತ್ತದೆ, ಹಳೆಯ ಎಚ್.264ರ ಬದಲು ವಿಪಿ9 ಅಥವಾ ಎವಿ1 ಬಳಸುತ್ತದೆ. ಹಿಗ್ಗಿಸಿದಾಗ ಒಂದು ಪಿಕ್ಸೆಲ್‌ನ ತರಿಯೂ ಎರಡರಷ್ಟಾಗುತ್ತದೆ. ಸೆಕೆಂಡಿಗೆ 30 ಫ್ರೇಮ್‌ವರೆಗಿನ 4ಕೆ ಕಡತಕ್ಕೆ ಯೂಟ್ಯೂಬ್ ಸೂಚಿಸುವುದು ಸೆಕೆಂಡಿಗೆ 35ರಿಂದ 45 ಮೆಗಾಬಿಟ್. ಕತ್ತಲ ದೃಶ್ಯಗಳಿಗೆ ಅದನ್ನು ಮೀರಿದರೆ ನಷ್ಟವಾಗುವುದು ಅಪ್‌ಲೋಡ್ ಸಮಯ ಮಾತ್ರ.

ಪರೀಕ್ಷೆಗೆ ಅತಿ ಕತ್ತಲಿನ ದೃಶ್ಯದ 20 ಸೆಕೆಂಡಿನ ತುಣುಕನ್ನು Unlisted ಆಗಿ ಏರಿಸಿ, ಎಲ್ಲ ಆವೃತ್ತಿಗಳೂ ಸಿದ್ಧವಾಗುವವರೆಗೆ ಕಾಯಬೇಕು. ಕಂಪ್ಯೂಟರಿನಲ್ಲಿ ವಿಡಿಯೊದ ಮೇಲೆ ಬಲ ಕ್ಲಿಕ್ ಮಾಡಿ Stats for nerds ತೆರೆದರೆ Codecs ಸಾಲಿನಲ್ಲಿ avc1, vp09 ಅಥವಾ av01 ಕಾಣುತ್ತದೆ. ಒಂದೇ ಫ್ರೇಮನ್ನು ಏರಿಸಿದ ಕಡತದಿಂದಲೂ ಯೂಟ್ಯೂಬ್‌ನಿಂದಲೂ ತೆಗೆದು, ಹೊಳಪು ಹೆಚ್ಚಿಸಿ ಹೋಲಿಸಬಹುದು. ಎರಡರಲ್ಲೂ ಪಟ್ಟೆಯಿದ್ದರೆ ದೋಷ ಎಡಿಟಿಂಗ್‌ನದು. ಎರಡನೆಯದರಲ್ಲಿ ಮಾತ್ರ ಇದ್ದರೆ ಸಂಕೋಚನದ್ದು.

480ಪಿಯಲ್ಲಿ ಈ ಶ್ರಮ ಬಹುಪಾಲು ಫಲಿಸದು. ಚಿತ್ರ ಕುಗ್ಗಿದಾಗ ತರಿಯೂ ಸರಾಸರಿಯಲ್ಲಿ ಕರಗಿ ಪಟ್ಟೆ ಮರಳುತ್ತದೆ. ಅಲ್ಲಿ ನೆರವಾಗುವುದು ಬಣ್ಣ ಹೊಂದಿಸುವ ಹಂತದ ನಿರ್ಧಾರಗಳು: ಮಬ್ಬಾಗಿ ಇಳಿಯುವ ನೆರಳನ್ನು ಅಪ್ಪಟ ಕಪ್ಪಿಗೆ ತಳ್ಳುವುದು, ಅಂಚು ಕಪ್ಪಾಗಿಸುವ ವಿನ್ಯೆಟ್ ಕೈಬಿಡುವುದು, ಮೋಡವೋ ಮರದ ಕೊಂಬೆಯೋ ಇರುವ ಚೌಕಟ್ಟನ್ನು ಆರಿಸುವುದು, ನಿಧಾನವಾಗಿ ಕಪ್ಪಿಗೆ ಇಳಿಯುವ ಫೇಡನ್ನು ಚುಟುಕಾಗಿಸುವುದು.