ಅನ್‌ಇನ್‌ಸ್ಟಾಲ್ ಆಗದ ಆ್ಯಪ್: ಮೊದಲು ಅಧಿಕಾರ ಕಿತ್ತುಕೊಳ್ಳಿ

ಫೋನಿನಲ್ಲಿ ಬೇಡವಾದ ಆ್ಯಪ್ ಒಂದಿದೆ. ಅದರ ಮೇಲೆ ಬೆರಳು ಒತ್ತಿ ಹಿಡಿದು ಅನ್‌ಇನ್‌ಸ್ಟಾಲ್ ಕೊಟ್ಟರೆ ಹೋಗುವುದಿಲ್ಲ. ಕೆಲವು ಫೋನುಗಳಲ್ಲಿ ಆ ಬಟನ್ನೇ ಮಂಕಾಗಿರುತ್ತದೆ, ಒತ್ತಿದರೂ ಮಿಸುಕದು. ಇನ್ನು ಕೆಲವದರಲ್ಲಿ, ಇದು ಡಿವೈಸ್ ಅಡ್ಮಿನ್ ಆ್ಯಪ್, ಮೊದಲು ಅದನ್ನು ನಿಷ್ಕ್ರಿಯಗೊಳಿಸಿ ಎಂಬ ಅರ್ಥದ ಸಂದೇಶ ಬರುತ್ತದೆ. ಬಹಳ ಜನ ಇಲ್ಲಿಗೇ ಕೈಚೆಲ್ಲಿ, ಫೋನನ್ನು ಮೊಬೈಲ್ ಅಂಗಡಿಗೆ ಒಯ್ಯುತ್ತಾರೆ. ಅಂಗಡಿಯ ಹುಡುಗ ‘ಫಾರ್ಮ್ಯಾಟ್ ಮಾಡ್ಬೇಕು ಸಾರ್’ ಅನ್ನುತ್ತಾನೆ. ಫೋಟೋ, ನಂಬರು ಎಲ್ಲವೂ ಅದರೊಂದಿಗೆ ಹೋಗುತ್ತವೆ. ಹೆಚ್ಚಿನ ಸಲ ಅದರ ಅಗತ್ಯವೇ ಇರುವುದಿಲ್ಲ.

ಆ ಆ್ಯಪ್ ಫೋನಿಗೆ ಅಂಟಿಕೊಂಡಿರುವುದು ತನ್ನ ಬಲದಿಂದಲ್ಲ. ಫೋನಿನ ಮಾಲೀಕರೇ ಯಾವುದೋ ಗಳಿಗೆಯಲ್ಲಿ ಅದಕ್ಕೊಂದು ಅಧಿಕಾರ ಕೊಟ್ಟಿದ್ದಾರೆ. ಆ ಅಧಿಕಾರ ಇರುವವರೆಗೆ ಆ್ಯಪನ್ನು ತೆಗೆಯಲು ಆಂಡ್ರಾಯ್ಡೇ ಒಪ್ಪುವುದಿಲ್ಲ. ಕಿತ್ತುಕೊಂಡ ಮರುಕ್ಷಣ ಅದು ಬೇರೆ ಯಾವ ಆ್ಯಪ್‌ನ ಹಾಗೆಯೇ ಹೋಗುತ್ತದೆ.

ಇಂಥದ್ದೊಂದು ಅಧಿಕಾರವನ್ನು ಆಂಡ್ರಾಯ್ಡ್‌ನಲ್ಲಿ ಇಟ್ಟದ್ದು ಒಳ್ಳೆಯ ಉದ್ದೇಶಕ್ಕೇ. 2010ರಲ್ಲಿ ಬಂದ ಆಂಡ್ರಾಯ್ಡ್ 2.2ರಲ್ಲಿ ಈ ಸೌಲಭ್ಯ ಮೊದಲು ಕಾಣಿಸಿಕೊಂಡಿತು. ಆಗ ನೌಕರರು ಕಚೇರಿಯ ಇಮೇಲನ್ನು ತಮ್ಮ ಸ್ವಂತ ಫೋನಿನಲ್ಲಿ ನೋಡತೊಡಗಿದ್ದರು. ಫೋನು ಕಳೆದುಹೋದರೆ ಕಚೇರಿಯ ಪತ್ರಗಳು ಯಾರ ಕೈಗೋ ಬೀಳುತ್ತವಲ್ಲ? ಅದಕ್ಕಾಗಿ ದೂರದಿಂದಲೇ ಪರದೆಗೆ ಬೀಗ ಹಾಕುವ, ಫೋನಿನ ಮಾಹಿತಿಯನ್ನೆಲ್ಲ ಅಳಿಸುವ, ಗಟ್ಟಿ ಪಾಸ್‌ವರ್ಡ್ ಇಡುವಂತೆ ಒತ್ತಾಯಿಸುವ ಶಕ್ತಿಯನ್ನು ಕೆಲವು ಆ್ಯಪ್‌ಗಳಿಗೆ ಕೊಡಲಾಯಿತು. ಕದ್ದವನು ಮೊದಲು ಆ ಆ್ಯಪನ್ನೇ ಕಿತ್ತೆಸೆದರೆ ಪ್ರಯೋಜನವಿಲ್ಲ. ಹಾಗಾಗಿ ಅಧಿಕಾರ ಇರುವ ತನಕ ಅನ್‌ಇನ್‌ಸ್ಟಾಲ್ ಇಲ್ಲ ಎಂಬ ನಿಯಮ ಬಂತು. ಕಳೆದ ಫೋನು ಹುಡುಕಿಕೊಡುವ ಗೂಗಲ್‌ನ ಸ್ವಂತ ಸೌಲಭ್ಯ ಕೂಡ ಇದೇ ಪಟ್ಟಿಯಲ್ಲಿ ಕೂತಿರುತ್ತದೆ. ಪಟ್ಟಿ ತೆರೆದಾಗ ಅದನ್ನು ಕಂಡು ಗಾಬರಿಯಾಗಬೇಕಿಲ್ಲ, ಅದು ಅಲ್ಲಿರಬೇಕಾದದ್ದೇ.

ಕಳ್ಳರಿಗೆ ಈ ನಿಯಮ ವರವಾಯಿತು. 2013ರಲ್ಲಿ ಕ್ಯಾಸ್ಪರ್‌ಸ್ಕಿ ಸಂಸ್ಥೆ ಪತ್ತೆಹಚ್ಚಿದ ‘ಒಬಾಡ್’ ಎಂಬ ಕುತಂತ್ರಾಂಶವಂತೂ ಅಡ್ಮಿನ್ ಅಧಿಕಾರ ಪಡೆದ ಮೇಲೆ ಪಟ್ಟಿಯಿಂದಲೇ ಮಾಯವಾಗುತ್ತಿತ್ತು. ಆಂಡ್ರಾಯ್ಡ್‌ನಲ್ಲಿದ್ದ ಒಂದು ದೋಷವನ್ನು ಅದು ಬಳಸಿಕೊಂಡಿತ್ತು. ಪಟ್ಟಿಯಲ್ಲಿ ಹೆಸರೇ ಇಲ್ಲವೆಂದ ಮೇಲೆ ತೆಗೆಯುವುದೆಲ್ಲಿಂದ? ಆ ದೋಷವನ್ನು ಆಮೇಲೆ ಸರಿಪಡಿಸಲಾಯಿತು.

ನಂತರದ ವರ್ಷಗಳಲ್ಲಿ ಗೂಗಲ್ ಈ ಅಧಿಕಾರವನ್ನು ಒಂದೊಂದಾಗಿ ಮೊಟಕುಗೊಳಿಸುತ್ತ ಬಂದಿದೆ. ಮೊದಲೆಲ್ಲ ಅಡ್ಮಿನ್ ಆ್ಯಪ್ ನಿಮ್ಮ ಪರದೆಯ ಪಾಸ್‌ವರ್ಡನ್ನೇ ಬದಲಿಸಿ, ಬಿಡಿಸಲು ಹಣ ಕೇಳಬಹುದಿತ್ತು. 2016ರ ಆಂಡ್ರಾಯ್ಡ್ 7ರಿಂದೀಚೆಗೆ, ನೀವು ಮೊದಲೇ ಇಟ್ಟಿರುವ ಪಾಸ್‌ವರ್ಡನ್ನು ಅದು ಬದಲಿಸಲಾರದು. ಫೋನಿಗೆ ಪಿನ್ ಇಡದೆ ಓಡಾಡುವವರು ಇದನ್ನು ಗಮನಿಸಬೇಕು. ಆಂಡ್ರಾಯ್ಡ್ 10ಕ್ಕೆಂದು ತಯಾರಾದ ಆ್ಯಪ್‌ಗಳಿಗೆ ಕ್ಯಾಮೆರಾ ನಿಲ್ಲಿಸುವಂಥ ಅಧಿಕಾರಗಳೂ ಹೋದವು. ಉಳಿದಿರುವುದರಲ್ಲಿ ಮುಖ್ಯವಾದವು ಎರಡು: ಪರದೆಗೆ ಬೀಗ ಹಾಕುವುದು, ಫೋನನ್ನು ಪೂರ್ತಿ ಅಳಿಸುವುದು.

ಹಾಗಾದರೆ ಒಟಿಪಿ ಕದಿಯುವುದು ಯಾವುದು? ಅಡ್ಮಿನ್ ಅಧಿಕಾರಕ್ಕೆ ಅದರ ಜೊತೆ ಸಂಬಂಧವಿಲ್ಲ. ಮೆಸೇಜ್ ಓದಲು ಎಸ್‌ಎಂಎಸ್ ಅನುಮತಿ ಬೇಕು. ಪರದೆಯ ಮೇಲಿರುವುದನ್ನು ಓದಿ, ನಿಮ್ಮ ಬದಲು ತಾನೇ ಬಟನ್ ಒತ್ತಲು ‘ಆಕ್ಸೆಸಿಬಿಲಿಟಿ’ ಎಂಬ ಇನ್ನೊಂದು ಅನುಮತಿ ಬೇಕು. ದೃಷ್ಟಿದೋಷ ಇರುವವರಿಗೆ ನೆರವಾಗಲೆಂದು ಮಾಡಿದ ಸೌಲಭ್ಯ ಅದು. ಕಳ್ಳ ಆ್ಯಪ್ ಈ ಮೂರನ್ನೂ ಕೇಳುತ್ತದೆ: ಕದಿಯಲು ಎರಡು, ಜಾಗ ಬಿಟ್ಟು ಕದಲದಿರಲು ಒಂದು.

ಒಂದು ಪ್ರಸಂಗವನ್ನೇ ಹಿಡಿದು ನೋಡೋಣ. ಹಾವೇರಿಯ ಕಿರಾಣಿ ಅಂಗಡಿಯವರೊಬ್ಬರಿಗೆ ವಾಟ್ಸ್ಆ್ಯಪ್‌ನಲ್ಲಿ ಮದುವೆಯ ಕರೆಯೋಲೆ ಬಂತು ಎಂದಿಟ್ಟುಕೊಳ್ಳಿ. ಕಳಿಸಿದ್ದು ಪರಿಚಯದವರ ನಂಬರಿನಿಂದಲೇ, ಆದರೆ ಆ ಪರಿಚಯದವರ ಫೋನು ಆಗಲೇ ಕಳ್ಳರ ವಶವಾಗಿದೆ. ಬಂದದ್ದು ಚಿತ್ರವೂ ಅಲ್ಲ, ಪಿಡಿಎಫ್ ಕೂಡ ಅಲ್ಲ, ಹೆಸರಿನ ಕೊನೆಗೆ .apk ಎಂದಿದ್ದ ಫೈಲು. ಒತ್ತಿದರು, ಕೇಳಿದ್ದಕ್ಕೆಲ್ಲ ಸರಿ ಎಂದರು. ಕೊನೆಗೊಂದು ಪುಟ ಬಂದು Activate ಎಂದು ಕೇಳಿತು. ಬೇಡವೆಂದು ಹಿಂದೆ ಬಂದರೆ ಅದೇ ಪುಟ ಮತ್ತೆ ಮತ್ತೆ ಎದ್ದು ಬಂತು. ಬೇಸತ್ತು ಒಪ್ಪಿಬಿಟ್ಟರು. ಆ್ಯಪ್‌ನ ಐಕಾನ್ ಕಣ್ಣಿಗೆ ಬೀಳದಂತಾಯಿತು. ಸ್ವಲ್ಪ ಹೊತ್ತಿನಲ್ಲೇ ಅವರ ಹೆಸರಿನಲ್ಲಿ ಬಳಗದವರಿಗೆಲ್ಲ ಅದೇ ಕರೆಯೋಲೆ ಹೋಗತೊಡಗಿತು.

ಈಗ ಮೊದಲು ಆಗಬೇಕಾದದ್ದು ಆ್ಯಪ್ ಹುಡುಕುವುದಲ್ಲ, ಫೋನಿನ ಸಂಪರ್ಕ ಕಡಿಯುವುದು. ಏರೋಪ್ಲೇನ್ ಮೋಡ್ ಹಾಕಿ, ವೈಫೈ ಆರಿದೆಯೇ ಎಂದು ಇನ್ನೊಮ್ಮೆ ನೋಡಿ. ಸಿಮ್ ತೆಗೆದರೆ ಇನ್ನೂ ಒಳ್ಳೆಯದು. ಸಂಪರ್ಕ ಇಲ್ಲದಾಗ ಒಟಿಪಿ ಬರುವುದೂ ಇಲ್ಲ, ಹೊರಗೆ ಹೋಗುವುದೂ ಇಲ್ಲ. ಫೋನು ಅಳಿಸು ಎಂದು ಆಚೆ ಕೂತವನು ಕಳಿಸುವ ಆಜ್ಞೆಯೂ ತಲುಪುವುದಿಲ್ಲ.

ಆಮೇಲೆ Settings ತೆರೆಯಿರಿ. ಅಡ್ಮಿನ್ ಪಟ್ಟಿ ಇರುವ ಜಾಗ ಕಂಪನಿಯಿಂದ ಕಂಪನಿಗೆ ಬೇರೆ: ಒಂದರಲ್ಲಿ Security & privacy ಒಳಗೆ, ಮತ್ತೊಂದರಲ್ಲಿ Special permissions ಒಳಗೆ. ದಾರಿ ನೆನಪಿಡುವ ಗೋಜು ಬೇಡ. Settings ಪುಟದ ಮೇಲಿರುವ ಹುಡುಕುವ ಜಾಗದಲ್ಲಿ device admin ಎಂದು ಬರೆದರೆ ಸಾಕು, Device admin apps ಎಂಬ ಸಾಲು ಸಿಗುತ್ತದೆ. ಒಳಗೆ ಹೋದರೆ ಅಧಿಕಾರ ಪಡೆದ ಆ್ಯಪ್‌ಗಳ ಎದುರಿನ ಗುಂಡಿ ಆನ್ ಆಗಿರುತ್ತದೆ. ಹೆಸರು ‘ಮದುವೆ’ ಎಂದೇ ಇರಬೇಕೆಂದಿಲ್ಲ. System Update ಅಂತಲೋ, ಗೂಗಲ್‌ನದ್ದೇ ಅನ್ನಿಸುವ ಇನ್ನಾವುದೋ ಹೆಸರಿನಲ್ಲೋ ಅಡಗಿರಬಹುದು, ಹೆಸರೇ ಇಲ್ಲದೆ ಖಾಲಿಯೂ ಇರಬಹುದು. ನೀವಾಗಲೀ ನಿಮ್ಮ ಕಚೇರಿಯಾಗಲೀ ಹಾಕದ, ಗೂಗಲ್‌ನ ಫೋನ್ ಹುಡುಕುವ ಸೌಲಭ್ಯವೂ ಅಲ್ಲದ ಹೆಸರು ಯಾವುದಿದೆಯೋ ಅದರ ಮೇಲೆ ಅನುಮಾನಪಡಿ.

ಅದನ್ನು ಒತ್ತಿದಾಗ ಬರುವ ಪುಟದ ಕೆಳಗೆ Deactivate this device admin app ಎಂದಿರುತ್ತದೆ. ಇದನ್ನು ಒತ್ತುವಾಗ ಒಂದು ಎಚ್ಚರಿಕೆ ಬರಬಹುದು: ‘ನಿಮ್ಮ ಫೋನಿನ ಮಾಹಿತಿಯೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಬೇಕೇ?’ ಎಂಬ ಧಾಟಿಯದ್ದು. ಜನ ಹೆದರಿ ಹಿಂದೆ ಸರಿಯುವುದು ಇಲ್ಲಿಯೇ. ಆ ಮಾತನ್ನು ಬರೆದದ್ದು ಆಂಡ್ರಾಯ್ಡ್ ಅಲ್ಲ, ಆ ಆ್ಯಪ್ ಮಾಡಿದವನು. ಅಧಿಕಾರ ಬಿಡಿಸುವ ಮುನ್ನ ನಾಲ್ಕು ಸಾಲಿನ ಎಚ್ಚರಿಕೆ ತೋರಿಸಲು ಪ್ರತಿ ಅಡ್ಮಿನ್ ಆ್ಯಪ್‌ಗೂ ಅವಕಾಶವಿದೆ, ಅದರಲ್ಲಿ ಅವನು ಏನು ಬೇಕಾದರೂ ಬರೆಯಬಹುದು. ಸಂಪರ್ಕ ಕಡಿದಾಗಿದೆ, ಸರಿ ಎಂದು ಮುಂದೆ ಹೋಗಿ. ಬಳಿಕ Settings ಒಳಗಿನ Apps ಪಟ್ಟಿಯಲ್ಲಿ ಅದನ್ನು ಹುಡುಕಿ Uninstall ಕೊಡಿ. ಐಕಾನ್ ಅಡಗಿಸಿಕೊಂಡ ಆ್ಯಪ್ ಕೂಡ ಈ ಪಟ್ಟಿಯಲ್ಲಿ ಇರುತ್ತದೆ.

ಅಂಗಡಿಯವರ ಫೋನಿನಲ್ಲಿ ಇಷ್ಟು ಸಲೀಸಾಗಿ ಆಗಲಿಲ್ಲ ಅನ್ನಿ. Device admin apps ಪುಟ ತೆರೆದ ತಕ್ಷಣ ಫೋನು ತಾನಾಗಿ ಹೋಮ್ ಪರದೆಗೆ ಹಾರುತ್ತದೆ. ಮತ್ತೆ ಹೋದರೆ ಮತ್ತೆ ಹಾಗೆಯೇ. ಫೋನು ಹಾಳಾಗಿದೆ ಅಂದುಕೊಳ್ಳಬೇಡಿ. ಆಕ್ಸೆಸಿಬಿಲಿಟಿ ಅನುಮತಿ ಪಡೆದ ಆ್ಯಪ್ ನಿಮ್ಮ ಪರದೆಯನ್ನು ಓದುತ್ತ ಕೂತಿದೆ, ತನ್ನನ್ನು ತೆಗೆಯುವ ಪುಟ ಕಂಡೊಡನೆ ನಿಮಗಿಂತ ಬೇಗ ಬ್ಯಾಕ್ ಒತ್ತುತ್ತಿದೆ. ಅದರ ಜೊತೆ ವೇಗದಲ್ಲಿ ಪೈಪೋಟಿಗೆ ಇಳಿದರೆ ಸೋಲುವವರು ನೀವೇ.

ಇದಕ್ಕೆ ಮದ್ದು ಸೇಫ್ ಮೋಡ್. ಈ ಸ್ಥಿತಿಯಲ್ಲಿ ಫೋನು ತನ್ನ ಜೊತೆಗೆ ಬಂದ ಆ್ಯಪ್‌ಗಳನ್ನಷ್ಟೇ ನಡೆಸುತ್ತದೆ, ಆಮೇಲೆ ನೀವು ಹಾಕಿದ್ದೆಲ್ಲ ಮಲಗಿರುತ್ತದೆ. ಬಹುಪಾಲು ಫೋನುಗಳಲ್ಲಿ ಪವರ್ ಬಟನ್ ಒತ್ತಿದಾಗ ಬರುವ Power off ಎಂಬುದನ್ನು ಮುಟ್ಟಿ ಬಿಡದೆ ಹಿಡಿದುಕೊಂಡರೆ ಸೇಫ್ ಮೋಡ್‌ಗೆ ಹೋಗಬೇಕೇ ಎಂದು ಕೇಳುತ್ತದೆ. ಹಾಗೆ ಕೇಳದಿದ್ದರೆ ನಿಮ್ಮ ಮಾದರಿಗೆ ಯಾವ ಬಟನ್ ಎಂದು ಕಂಪನಿಯ ಸಹಾಯ ಪುಟದಲ್ಲಿ ನೋಡಿಕೊಳ್ಳಬೇಕು. ಫೋನು ಮತ್ತೆ ಎದ್ದಾಗ ಪರದೆಯ ಮೂಲೆಯಲ್ಲಿ Safe mode ಎಂಬ ಅಕ್ಷರ ಕಂಡರೆ ಸರಿಯಾದ ಜಾಗಕ್ಕೆ ಬಂದಿದ್ದೀರಿ. ಅಲ್ಲಿ ಮೊದಲು Accessibility ಪುಟಕ್ಕೆ ಹೋಗಿ, ಆ ಆ್ಯಪ್‌ಗೆ ಕೊಟ್ಟ ಅನುಮತಿ ಇನ್ನೂ ಕಾಣುತ್ತಿದ್ದರೆ ಆಫ್ ಮಾಡಿ. ನಂತರ ಅಡ್ಮಿನ್ ಅಧಿಕಾರ ತೆಗೆಯಿರಿ, ಕೊನೆಗೆ ಅನ್‌ಇನ್‌ಸ್ಟಾಲ್. ಆ್ಯಪ್ ಹೋಗುವ ಮೊದಲೇ ಸಾಮಾನ್ಯ ಸ್ಥಿತಿಗೆ ಮರಳಿದರೆ ಅದು ಎಚ್ಚರಗೊಂಡು Activate ಪುಟವನ್ನು ಮತ್ತೆ ಮುಖಕ್ಕೆ ಹಿಡಿಯುತ್ತದೆ, ಆದ್ದರಿಂದ ಮೂರೂ ಕೆಲಸ ಅಲ್ಲೇ ಮುಗಿಯಲಿ. ಆಮೇಲೆ ಫೋನನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಸಾಕು.

ಕಂಪ್ಯೂಟರಿಗೆ ಫೋನು ಜೋಡಿಸಿ ಒಂದು ಆಜ್ಞೆ ಕೊಟ್ಟರೆ ಎಂಥ ಆ್ಯಪ್ ಆದರೂ ಹೋಗುತ್ತದೆ ಎನ್ನುವ ವಿಡಿಯೋಗಳಿವೆ. ಅಡ್ಮಿನ್ ಅಧಿಕಾರ ಇರುವಾಗ ಅಲ್ಲಿ ಸಿಗುವ ಉತ್ತರ ಇಷ್ಟೇ:

```
Failure [DELETE_FAILED_DEVICE_POLICY_MANAGER]
```

ಅಂದರೆ ನಿಯಮ ಕಂಪ್ಯೂಟರಿನಿಂದ ಬಂದವರಿಗೂ ಅದೇ. ಆಜ್ಞೆಯಿಂದ ಅಡ್ಮಿನ್ ಅಧಿಕಾರ ಕಳೆಯುವ ದಾರಿ ಇದೆಯಾದರೂ, ಅದು ಪರೀಕ್ಷೆಗೆಂದು ಗುರುತು ಹಾಕಿ ತಯಾರಿಸಿದ ಆ್ಯಪ್‌ಗಳಿಗೆ ಮಾತ್ರ ನಡೆಯುತ್ತದೆ.

ಮೇಲೆ ಹೇಳಿದ ಯಾವುದೂ ನಡೆಯದ ಫೋನುಗಳೂ ಇವೆ, ಅಲ್ಲಿ ಕತೆಯೇ ಬೇರೆ. ಕಂಪನಿ ಕೊಟ್ಟ ಫೋನು, ಶಾಲೆ ಕೊಟ್ಟ ಟ್ಯಾಬು, ಕಂತಿನಲ್ಲಿ ಕೊಂಡ ಕೆಲವು ಫೋನುಗಳಲ್ಲಿ ಮೊದಲ ಸಲ ಚಾಲೂ ಮಾಡುವಾಗಲೇ ಒಂದು ಆ್ಯಪನ್ನು ‘ಡಿವೈಸ್ ಓನರ್’ ಎಂಬ ಇನ್ನೂ ಮೇಲಿನ ಸ್ಥಾನದಲ್ಲಿ ಕೂರಿಸಿರುತ್ತಾರೆ. ಅಲ್ಲಿ Deactivate ಕೆಲಸ ಮಾಡುವುದಿಲ್ಲ. ಈ ಸಾಧನ ನಿಮ್ಮ ಸಂಸ್ಥೆಗೆ ಸೇರಿದ್ದು ಎಂಬ ಸಾಲು ಬೀಗದ ಪರದೆಯಲ್ಲೋ Settings ಒಳಗೋ ಕಂಡರೆ ಅಂಥದ್ದೆಂದು ತಿಳಿಯಬಹುದು. ಅದನ್ನು ಬಿಡಿಸಬೇಕಾದವರು ಹಾಕಿದವರೇ: ಕಚೇರಿ, ಶಾಲೆ, ಇಲ್ಲವೇ ಸಾಲ ಕೊಟ್ಟ ಸಂಸ್ಥೆ. ಕಂತು ಪೂರ್ತಿ ತೀರಿದ ಮೇಲೂ ಆ್ಯಪ್ ಉಳಿದಿದ್ದರೆ ಅವರಿಂದ ತೆಗೆಸಿಕೊಳ್ಳಿ. ಸೆಕೆಂಡ್ ಹ್ಯಾಂಡ್ ಫೋನು ಕೊಳ್ಳುವವರು ದುಡ್ಡು ಕೊಡುವ ಮೊದಲೇ ಇದನ್ನು ನೋಡಿಕೊಳ್ಳಬೇಕು.

ಫ್ಯಾಕ್ಟರಿ ರೀಸೆಟ್ ಕೊನೆಯ ದಾರಿ. ಸಾಮಾನ್ಯ ಅಡ್ಮಿನ್ ಆ್ಯಪ್ ಅದರಲ್ಲಿ ಉಳಿಯುವುದಿಲ್ಲ. ಆದರೆ ಮೊದಲು ಫೋಟೋಗಳನ್ನು ಬೇರೆಡೆಗೆ ಉಳಿಸಿಕೊಳ್ಳಿ, ನಿಮ್ಮ ಗೂಗಲ್ ಖಾತೆಯ ಪಾಸ್‌ವರ್ಡ್ ನೆನಪಿದೆಯೇ ಖಚಿತಪಡಿಸಿಕೊಳ್ಳಿ. ಬಟನ್‌ಗಳನ್ನು ಒತ್ತಿ ರಿಕವರಿಯಿಂದ ರೀಸೆಟ್ ಮಾಡಿದರೆ, ಹಿಂದೆ ಇದ್ದ ಖಾತೆಯ ಪಾಸ್‌ವರ್ಡನ್ನೋ ಪರದೆಯ ಪಿನ್ನನ್ನೋ ಕೊಡುವವರೆಗೆ ಫೋನು ಒಳಗೆ ಬಿಡದಿರಬಹುದು.

ಆ್ಯಪ್ ಹೋಯಿತೆಂದು ನಿಶ್ಚಿಂತರಾಗುವ ಮುನ್ನ, ಅದು ಇದ್ದಾಗ ಕದ್ದದ್ದು ಕದ್ದೇ ಇರುತ್ತದೆ ಎಂಬುದನ್ನು ಮರೆಯಬೇಡಿ. ಬ್ಯಾಂಕಿನ ಪಾಸ್‌ವರ್ಡ್, ಯುಪಿಐ ಪಿನ್, ಇಮೇಲ್ ಪಾಸ್‌ವರ್ಡ್‌ಗಳನ್ನು ಮನೆಯವರ ಇನ್ನೊಂದು ಫೋನಿನಿಂದ ಬದಲಿಸಿ ಅಥವಾ ಬ್ಯಾಂಕಿನ ಮೂಲಕ ಬದಲಿಸಿಕೊಳ್ಳಿ. ವಾಟ್ಸ್ಆ್ಯಪ್‌ನ Linked devices ಪಟ್ಟಿಯಲ್ಲಿ ಗುರುತಿಲ್ಲದ್ದು ಇದ್ದರೆ ಹೊರಹಾಕಿ. ಖಾತೆಯಿಂದ ಹಣ ಹೋಗಿದ್ದರೆ ಫೋನು ಶುಚಿ ಮಾಡುವುದು ನಾಳೆಗಿರಲಿ, ಸಂಪರ್ಕ ಕಡಿದಿಟ್ಟು ಬೇರೆ ಫೋನಿನಿಂದ ಕೂಡಲೇ 1930ಕ್ಕೆ ಕರೆ ಮಾಡಿ, cybercrime.gov.in ತಾಣದಲ್ಲಿ ದೂರು ದಾಖಲಿಸಿ.